"ಇಲ್ಲ ಅನ್ನೋಕೆ ನಾನೇ ದಾರಿ ಮಾಡಿಕೊಡಬೇಕಾ ಮೇಡಂ?"

ನವೆಂಬರ್ ಬಂತು ಅಂದರೆ ಶಿವಮೊಗ್ಗದ ನನ್ನ ಕೋಣೆಗೆ ಒಂದು ಬಗೆಯ ಜನ ಬರೋದು ಜಾಸ್ತಿಯಾಗುತ್ತದೆ. ಕಾಲೇಜು ಬಿಟ್ಟು ನಾಲ್ಕೈದು ವರ್ಷ ಆಗಿರುತ್ತದೆ. ಮುಂದೆ ಓದಬೇಕು ಅಂತ ಈಗ ಮನಸ್ಸಾಗಿದೆ. ಅರ್ಜಿಗೆ ಹಳೇ ಪ್ರೊಫೆಸರ್ ಒಬ್ಬರ ಶಿಫಾರಸು ಪತ್ರ ಬೇಕು. ಕೇಳೋಕೆ ಮುಜುಗರ. "ಒಂದು ಮೇಲ್ ಬರೆದಿದ್ದೀನಿ, ಸ್ವಲ್ಪ ತಪ್ಪು ನೋಡಿಕೊಡ್ತೀರಾ?" ಅಂತಲೇ ಮಾತು ಶುರುವಾಗುತ್ತದೆ.

ಆಪ್ತಸಲಹೆಗಾರರು ಕಾಗುಣಿತ ತಿದ್ದೋದಾ ಅಂತ ನನ್ನ ಜೊತೆಯವರೇ ಕೇಳಿದ್ದುಂಟು. ನಾನು ತಿದ್ದುತ್ತೇನೆ. ಒಂದು ಗಂಟೆ ಎದುರು ಕೂತರೂ ಬಾಯಿಗೆ ಬರದ ಹೆದರಿಕೆ ಇಂಥ ಮೇಲ್‌ನ ಎರಡನೇ ಪ್ಯಾರಾದಲ್ಲಿ ಸಲೀಸಾಗಿ ಬಂದು ಕೂತಿರುತ್ತದೆ. ಅದನ್ನು ಬಿಟ್ಟು ಬೇರೆಲ್ಲಿ ಹುಡುಕಲಿ?

ಇಲ್ಲಿ ನಾನು ಹೇಳುತ್ತಿರುವುದು ಹಾಗೆ ಬಂದ ಒಬ್ಬಳ ಬಗ್ಗೆ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷವೇ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ತೋಟ, ಆಸ್ಪತ್ರೆ, ಕೊನೆ ಕೊಯ್ಲು, ಸುಲಿಯೋದು, ಬೇಯಿಸೋದು ಅಂತ ಐದು ವರ್ಷ ಹೋಯಿತು. ಈಗ ತಮ್ಮ ತೋಟ ನೋಡಿಕೊಳ್ಳುತ್ತಾನೆ. ಇವಳಿಗೆ ಹೊರದೇಶದಲ್ಲಿ ಸಸ್ಯರೋಗ ಶಾಸ್ತ್ರ ಓದುವ ಆಸೆ. ಅರ್ಜಿಗೆ ಕೊನೇ ದಿನ ಜನವರಿ 15.

ಮೇಲ್ ಇಂಗ್ಲಿಷಿನಲ್ಲಿತ್ತು. ವಿಷಯದ ಜಾಗದಲ್ಲಿ ಬರೀ 'ರಿಕ್ವೆಸ್ಟ್' ಅಂತ ಇತ್ತು. ಮೊದಲ ಪ್ಯಾರಾದಲ್ಲಿ ಕ್ಷಮೆ. ಎರಡನೇದರಲ್ಲಿ ಅಪ್ಪನ ಕಾಯಿಲೆ, ಐದು ವರ್ಷ ಫೋನು ಮಾಡದಿದ್ದಕ್ಕೆ ಮತ್ತೆ ಕ್ಷಮೆ, 'ನಿಮಗೆ ನನ್ನ ನೆನಪಿರಲಿಕ್ಕಿಲ್ಲ' ಅನ್ನುವ ಮಾತು. ಯಾವ ಕೋರ್ಸು, ಯಾವ ವಿಶ್ವವಿದ್ಯಾಲಯ ಅನ್ನೋದು ಮೂರನೇ ಪ್ಯಾರಾಕ್ಕೆ ಬಂದಿತ್ತು. ಕೊನೇ ದಿನಾಂಕ ಸಹಿಯ ಮೇಲೆ ಎಲ್ಲೋ ಮೂಲೆಯಲ್ಲಿತ್ತು. ಇನ್ನೊಬ್ಬ ಪ್ರೊಫೆಸರ್‌ಗೂ ಇದೇ ಮೇಲ್ ಕಳಿಸೋದಿತ್ತಂತೆ. ಹಾಗಾಗಿ ನಡುವೆ ಒಂದು ಕಡೆ ಅವರ ಹೆಸರು ಹಾಗೇ ಉಳಿದಿತ್ತು! ಕಾಗುಣಿತ ತಪ್ಪಿದ್ದರೆ ಮೇಷ್ಟ್ರು ಕ್ಷಮಿಸುತ್ತಾರೆ. ಬೇರೆಯವರ ಹೆಸರು ಕಂಡರೆ ಅಲ್ಲಿಗೇ ಮುಚ್ಚಿಡುತ್ತಾರೆ. ಅದಕ್ಕೇ ಯಾವ ಮೇಲ್ ಬಂದರೂ ನಾನು ಮೊದಲು ನೋಡೋದು ಹೆಸರು, ಊರು, ದಿನಾಂಕ. 15/01 ಅಂತ ಬರೆದರೆ ಗೊಂದಲ ಇಲ್ಲ. ಆದರೆ ಅವಳ ಇನ್ನೊಂದು ಅರ್ಜಿಯ ಕೊನೇ ದಿನ 05/02. ಅದು ಫೆಬ್ರವರಿ ಐದೋ, ಮೇ ಎರಡೋ? ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ ಅಂದೆ. ಇದೆಲ್ಲ ಹತ್ತು ನಿಮಿಷದ ಕೆಲಸ.

ಆಮೇಲೆ ಕ್ಷಮೆಯ ಸಾಲುಗಳಿಗೆ ಬಂದೆವು. ಅವನ್ನೆಲ್ಲ ತೆಗೆಯಿರಿ ಅಂದಾಗ ಮುಖ ಸಣ್ಣದಾಯಿತು. "ತೆಗೆದರೆ ಸೊಕ್ಕು ಅಂತ ಅಂದ್ಕೊಳ್ಳಲ್ವಾ?"

ಇಲ್ಲ. ಆ ಪ್ಯಾರಾ ಓದಿದ ಮೇಷ್ಟ್ರಿಗೆ ಮೊದಲು ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಬೀಳುತ್ತದೆ, ಪತ್ರದ ಕೆಲಸ ಆಮೇಲೆ. ಅಪ್ಪನ ಕಾಯಿಲೆಯ ವಿಷಯ ಒಂದೇ ಸಾಲಿನಲ್ಲಿ ಇರಲಿ. ಐದು ವರ್ಷ ಏನು ಮಾಡುತ್ತಿದ್ದಿರಿ ಅನ್ನೋದಕ್ಕೆ ಅಷ್ಟು ಉತ್ತರ ಸಾಕು. ಉಳಿದ ಜಾಗದಲ್ಲಿ ಅವರ ಕಣ್ಣೆದುರು ನೀವು ಮಾಡಿದ ಒಂದು ಕೆಲಸ ಬರಲಿ. ಯಾವುದಿದೆ, ಹೇಳಿ.

"ಏನೂ ಇಲ್ಲ ಮೇಡಂ. ಮಾಮೂಲಿ ಪ್ರಾಜೆಕ್ಟು" ಅಂದಳು.

ಮಾಮೂಲಿ ಪ್ರಾಜೆಕ್ಟು ಯಾವುದು ಅಂತ ಕೆದಕಿದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ತೋಟಗಳಲ್ಲಿ ಸರಿಯಾಗಿ ಕಲಸುತ್ತಾರಾ ಅಂತ ನೋಡಿದ್ದಳಂತೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅನ್ನೋದು ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ತೂಕ ಸರಿಯಿದ್ದೂ ದ್ರಾವಣ ಹುಳಿಯಾಗಿಯೇ ಉಳಿಯುತ್ತದೆ. ಆಗ ಎಳೆಗಾಯಿ ಸುಡುತ್ತದೆ. ಅದಕ್ಕೆ ಹಳೇ ಪರೀಕ್ಷೆ ಒಂದಿದೆ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ.

ಇಷ್ಟು ಹೇಳುವಾಗಲೇ ಅವಳ ದನಿ ಬದಲಾಗಿತ್ತು. ಒಂದು ದಿನ ಪಿ.ಎಚ್. ಕಾಗದ ದ್ರಾವಣ ಸರಿಯಿದೆ ಅಂತ ತೋರಿಸಿತಂತೆ, ಚಾಕು ಮಾತ್ರ ಕೆಂಪಾಯಿತಂತೆ. ಕಾಗದದ ಡಬ್ಬಿ ಮಳೆಗಾಲದ ತೇವಕ್ಕೆ ಕೆಟ್ಟಿದೆ ಅಂತ ಅವಳಿಗೆ ಅನುಮಾನ ಬಂತು. ಹೊಸ ಡಬ್ಬಿ ತಂದು ನೋಡಿದರೆ ಹೌದು. ಆ ವಾರದ ಅಂಕಿಗಳನ್ನೆಲ್ಲ ಹೊಡೆದುಹಾಕಿ, ಸರ್ ಹತ್ತಿರ ಹೋಗಿ ಹೇಳಿ, ಅದೇ ತೋಟಗಳಿಗೆ ಮತ್ತೆ ಹೋದಳು. "ಸರ್ ಏನಂದರು?" ಅಂತ ಕೇಳಿದೆ. "ಏನೂ ಅನ್ನಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಹೊಡೆದುಹಾಕಿದ ಪುಟಕ್ಕೂ ಸಹಿ ಹಾಕಿದರು."

ಇದನ್ನೇ ಬರೆಯಿರಿ ಅಂದೆ. 'ಪರಿಶ್ರಮಿ, ಪ್ರಾಮಾಣಿಕಳು' ಅಂತ ಯಾವ ಪ್ರೊಫೆಸರ್ ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದು. ಹೊಡೆದುಹಾಕಿದ ಪುಟಕ್ಕೆ ಸಹಿ ಹಾಕಿದವರು ಮಾತ್ರ ಈ ಕಥೆ ಬರೆಯಬಲ್ಲರು. ಪ್ರವೇಶ ಸಮಿತಿಯವರು ಹುಡುಕೋದೂ ಅದನ್ನೇ.

ನಿಜವಾದ ಜಗಳ ಶುರುವಾಗಿದ್ದು ಇದರ ಮುಂದಿನ ಸಾಲಿಗೆ. ನಾನು ಸೇರಿಸಲು ಹೇಳಿದ್ದು ಇಷ್ಟು: 'ನನ್ನ ಬಗ್ಗೆ ಒಳ್ಳೆಯ ಪತ್ರ ಬರೆಯುವಷ್ಟು ನೆನಪು ಇಲ್ಲದಿದ್ದರೆ, ಅಥವಾ ಈಗ ಬಿಡುವಿಲ್ಲದಿದ್ದರೆ, ದಯವಿಟ್ಟು ತಿಳಿಸಿ. ನಾನು ಬೇರೆಯವರನ್ನು ಕೇಳುತ್ತೇನೆ.'

ಓದಿ ಕಾಗದ ಮೇಜಿನ ಮೇಲಿಟ್ಟಳು. "ಇಲ್ಲ ಅನ್ನೋಕೆ ನಾನೇ ದಾರಿ ಮಾಡಿಕೊಡಬೇಕಾ ಮೇಡಂ? ಹಾಗಂದರೆ ಅವರು ಇಲ್ಲ ಅಂತಲೇ ಅಂತಾರೆ."

ಅಂದರೆ ಅನ್ನಲಿ ಅಂದೆ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡ ಮೇಷ್ಟ್ರು ಏನು ಬರೆಯುತ್ತಾರೆ ಗೊತ್ತಾ? ಈಕೆ ನಮ್ಮ ವಿಭಾಗದಲ್ಲಿ ಓದಿದಳು, ಹಾಜರಾತಿ ಚೆನ್ನಾಗಿತ್ತು, ನಡತೆ ಚೆನ್ನಾಗಿತ್ತು, ಶುಭವಾಗಲಿ. ಅದು ನಡತೆ ಪತ್ರ. ಅಂಥದ್ದು ಅರ್ಜಿಗೆ ಸೇರಿದರೆ, ಇವಳ ಬಗ್ಗೆ ಹೇಳೋಕೆ ಇಷ್ಟೇ ಇತ್ತು ಅಂತ ಓದುವವರಿಗೆ ಅನ್ನಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬರೆಯುತ್ತೇನೆ ಅಂದು ಕೊನೇ ದಿನದವರೆಗೆ ಬರೆಯದೇ ಇರೋದು. ನವೆಂಬರಿನಲ್ಲಿ ಇಲ್ಲ ಅಂದರೆ ಡಿಸೆಂಬರಿನಲ್ಲಿ ಬೇರೆಯವರನ್ನು ಕೇಳಬಹುದು. ಜನವರಿ 14ಕ್ಕೆ ಯಾರನ್ನು ಕೇಳುತ್ತೀರಿ?

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪ ಮಲಗಿದಾಗ ನಿನ್ನ ಕೈಲಿ ಆಗುತ್ತಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಮಾಡಬೇಕಿತ್ತು, ಮಾಡಿದೆ" ಅಂದಳು. ನಾನು ಅದಕ್ಕೆ ವ್ಯಾಖ್ಯಾನ ಹೇಳಲಿಲ್ಲ. ಅವಳೇ ಪೆನ್ನು ತಗೊಂಡು ಆ ಸಾಲನ್ನು ತನ್ನ ಮಾತಿನಲ್ಲಿ ಬರೆದಳು. ನನ್ನದಕ್ಕಿಂತ ಚಿಕ್ಕದಾಗಿತ್ತು, ಚೆನ್ನಾಗಿತ್ತು.

ಈ ಸಾಲಿನ ಬಗ್ಗೆ ನನಗೆ ಆಕ್ಷೇಪಣೆಗಳು ಬಂದಿವೆ. ನಮ್ಮ ಕಡೆ ಗುರುಗಳ ಹತ್ತಿರ ಹೀಗೆ ಮಾತಾಡಿದರೆ ಒರಟಾಗಿ ಕೇಳುತ್ತದೆ ಅಂತಾರೆ. ನಾನು ಒಪ್ಪಲ್ಲ. ಮೇಷ್ಟ್ರಿಗೂ ಮುಜುಗರ ಇರುತ್ತದೆ. ಹಳೇ ಶಿಷ್ಯೆಗೆ ಮುಖ ಮುರಿದು ಇಲ್ಲ ಅನ್ನೋದು ಅವರಿಗೂ ಕಷ್ಟ. ಆ ಕಷ್ಟವನ್ನು ನಾವು ಕಡಿಮೆ ಮಾಡಿದರೆ ಅದೇ ಮರ್ಯಾದೆ.

ಮೇಲ್ ಜೊತೆ ಒಂದು ವರ್ಡ್ ಫೈಲ್ ಕೂಡ ಇತ್ತು. ತೆರೆದರೆ ಶಿಫಾರಸು ಪತ್ರವೇ, ಪೂರ್ತಿ ರೆಡಿ! "ಸರ್ ಸಹಿ ಹಾಕಿದರೆ ಸಾಕು, ಅವರಿಗೂ ಸುಲಭ" ಅಂತ ತಮ್ಮ ಹೇಳಿದ್ದನಂತೆ. ಇದು ನಮ್ಮಲ್ಲಿ ಎಷ್ಟು ಮಾಮೂಲು ಅಂತ ನನಗೂ ಗೊತ್ತು. 'ನೀನೇ ಬರೆದು ತಾ' ಅನ್ನುವ ಪ್ರೊಫೆಸರ್‌ಗಳೂ ಇದ್ದಾರೆ. ಆದರೂ ಬೇಡ ಅಂದೆ. ವಿಶ್ವವಿದ್ಯಾಲಯ ಕೇಳೋದು ಪ್ರೊಫೆಸರ್ ಅಭಿಪ್ರಾಯ. ಪತ್ರವನ್ನು ನಾನು ನೋಡುವುದಿಲ್ಲ ಅಂತ ಅರ್ಜಿದಾರರಿಂದಲೇ ಒಪ್ಪಿಗೆ ತಗೊಳ್ಳುವ ಅರ್ಜಿಗಳೂ ಇವೆ. ಅಲ್ಲಿ ಟಿಕ್ ಹಾಕಿ ಇಲ್ಲಿ ಬರೆದುಕೊಟ್ಟರೆ ಅದು ಸುಳ್ಳು. ಸಿಕ್ಕಿಬೀಳೋದೂ ಕಷ್ಟವಲ್ಲ. ಯಾಕೆ ಓದಬೇಕು ಅಂತ ಅರ್ಜಿಗೆ ಅವಳೇ ಬರೆದ ಉದ್ದೇಶ ಪತ್ರದಲ್ಲಿದ್ದ ಒಂದು ಇಡೀ ವಾಕ್ಯ ಆ ಶಿಫಾರಸಿನಲ್ಲೂ ಹಾಗೇ ಇತ್ತು. ಎರಡನ್ನೂ ಓದುವವರು ಒಬ್ಬರೇ, ಅಲ್ವಾ?

ಅದರ ಬದಲು ಒಂದು ಪುಟದ ಟಿಪ್ಪಣಿ ಮಾಡಿಸಿದೆ. ಓದಿದ ವರ್ಷ, ರಿಜಿಸ್ಟರ್ ನಂಬರ್, ಅವರು ಪಾಠ ಮಾಡಿದ ಪೇಪರ್‌ಗಳು ಮತ್ತು ಅದರ ಅಂಕ, ಪ್ರಾಜೆಕ್ಟಿನ ಹೆಸರು, ಚಾಕುವಿನ ಕಥೆ ನಾಲ್ಕು ಸಾಲಿನಲ್ಲಿ, ಕೋರ್ಸಿನ ಹೆಸರು, ಕೊನೇ ದಿನ. ಹೊಗಳಿಕೆಯ ಒಂದು ಪದವೂ ಇಲ್ಲ. 'ನೀನೇ ಬರೆ' ಅಂತ ಸರ್ ಹೇಳಿದರೂ ಈ ಪುಟವನ್ನೇ ಕೊಡಿ ಅಂದೆ.

ಕಳಿಸಿದ ಮೇಲ್ ಕನ್ನಡದಲ್ಲಿ ಹೇಳೋದಾದರೆ ಹೀಗಿತ್ತು. ವಿಷಯದಲ್ಲಿ ಅವಳ ಹೆಸರು, ಬ್ಯಾಚು, 'ಶಿಫಾರಸು ಪತ್ರಕ್ಕೆ ಕೋರಿಕೆ, ಜನವರಿ 15ರೊಳಗೆ'. ಒಳಗೆ: 'ಸರ್, ನಾನು ನಿಮ್ಮ ಬಳಿ ಬೋರ್ಡೋ ದ್ರಾವಣದ ಪ್ರಾಜೆಕ್ಟ್ ಮಾಡಿದವಳು. ತಂದೆಯ ಅನಾರೋಗ್ಯದಿಂದ ಐದು ವರ್ಷ ತೋಟ ನೋಡಿಕೊಂಡೆ. ಈಗ ಸಸ್ಯರೋಗ ಶಾಸ್ತ್ರ ಓದಲು ಅರ್ಜಿ ಹಾಕುತ್ತಿದ್ದೇನೆ. ಕೆಟ್ಟ ಪಿ.ಎಚ್. ಕಾಗದದ ಅಂಕಿಗಳನ್ನು ತೆಗೆದು ಮತ್ತೆ ಅಳತೆ ಮಾಡಿದ್ದನ್ನು ನೀವು ನೋಡಿದ್ದಿರಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಬರೆಯಲು ಆಗದಿದ್ದರೆ ಹೇಳಿ ಸರ್, ಬೇಜಾರಿಲ್ಲ. ಒಪ್ಪಿದರೆ ನಿಮ್ಮ ಯಾವ ಮೇಲ್ ವಿಳಾಸ ಕೊಡಲಿ?' ಇಷ್ಟೇ.

ಆ ಕೊನೇ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಹಲವು ಅರ್ಜಿಗಳಲ್ಲಿ ಪ್ರೊಫೆಸರ್ ವಿಳಾಸ ತುಂಬಿದರೆ ಪತ್ರ ಅಪ್‌ಲೋಡ್ ಮಾಡೋಕೆ ಅವರಿಗೆ ತಾನಾಗೇ ಒಂದು ಲಿಂಕ್ ಹೋಗುತ್ತದೆ. ಒಪ್ಪಿಗೆಗೆ ಮುಂಚೆ ಅದು ಹೋದರೆ, ಕೇಳದೆಯೇ ಹೆಸರು ಕೊಟ್ಟಳು ಅಂತಾಗುತ್ತದೆ. ಎಷ್ಟೋ ಕಡೆ ಸಂಸ್ಥೆಯ ವಿಳಾಸವೇ ಬೇಕು ಅಂತಾರೆ, ಜಿಮೇಲ್ ಒಪ್ಪಲ್ಲ. ನಿವೃತ್ತರಾದವರಿಗೆ ಆ ವಿಳಾಸ ಇರದೇ ಇರಬಹುದು. ಹಾಗಿದ್ದರೆ ಏನು ಮಾಡಬೇಕು ಅಂತ ಪ್ರವೇಶ ಕಚೇರಿಯನ್ನು ಮೊದಲೇ ಕೇಳಬೇಕು. ಲಿಂಕ್ ಸ್ಪ್ಯಾಮ್‌ಗೆ ಹೋಗೋದೂ ಇದೆ. ಅದಕ್ಕೇ, ಕಳಿಸಿದ ದಿನವೇ 'ಬಂತಾ ಸರ್' ಅಂತ ಕೇಳಬೇಕು.

ಮೊದಲ ಮೇಲ್‌ಗೆ ಉತ್ತರ ಬರಲಿಲ್ಲ. ಹತ್ತು ದಿನ ಕಾಯಿರಿ, ಅದೇ ಮೇಲ್‌ನ ಕೆಳಗೆ ಎರಡು ಸಾಲು ಬರೆಯಿರಿ ಅಂದಿದ್ದೆ. ಹಾಗೇ ಮಾಡಿದಳು. ಉತ್ತರ ಬಂತು. ಬರೆಯುತ್ತೇನೆ, ಶನಿವಾರ ಡಿಪಾರ್ಟ್‌ಮೆಂಟಿಗೆ ಬಾ, ಆ ರೆಕಾರ್ಡ್ ಪುಸ್ತಕ ಇದ್ದರೆ ತಾ ಅಂತ.

ಫೋನು ಮಾಡಿ ಅದನ್ನು ಓದಿ ಹೇಳಿದವಳು ಮತ್ತೆ ಮುಜುಗರಕ್ಕೆ ಬಿದ್ದಳು. "ಅಮ್ಮ ಒಂದು ಬಾಟಲಿ ಜೇನುತುಪ್ಪ, ಸ್ವಲ್ಪ ಅಡಿಕೆ ಕೊಡ್ತೀನಿ ಅಂತಿದ್ದಾರೆ. ಬರೀ ಕೈಯಲ್ಲಿ ಹೋಗಬಾರದಂತೆ. ತಗೊಂಡು ಹೋಗಲಾ ಮೇಡಂ?"

ಈ ಶನಿವಾರ ರೆಕಾರ್ಡ್ ಪುಸ್ತಕ ಮಾತ್ರ ತಗೊಂಡು ಹೋಗಿ ಅಂದೆ. ಪತ್ರ ಅಪ್‌ಲೋಡ್ ಆದ ಮೇಲೆ ಜೇನುತುಪ್ಪಕ್ಕೆ ನನ್ನ ಅಡ್ಡಿಯಿಲ್ಲ.