ತೆರಿಗೆ ಇಲಾಖೆಯೇ ದುಡ್ಡು ಕೊಡುವುದೆಂದರೆ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನನ್ನ ಮಗ ಟೆಕ್ಸಸ್‌ನಲ್ಲಿದ್ದಾನೆ. ಅವನ ಆಫೀಸಿನಲ್ಲಿ ಕ್ಲೀನಿಂಗ್ ಮಾಡುವ, ಇಬ್ಬರು ಮಕ್ಕಳ ತಾಯಿಯೊಬ್ಬಳಿಗೆ ವರ್ಷಕ್ಕೊಮ್ಮೆ ತೆರಿಗೆ ಇಲಾಖೆಯಿಂದ ಸಾವಿರಾರು ಡಾಲರ್ ಬರುತ್ತದಂತೆ, ಅದೂ ಕಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚು. ನೆಗೆಟಿವ್ ಇನ್‌ಕಮ್ ಟ್ಯಾಕ್ಸ್ ಅನ್ನುವುದು ಇದೇನಾ? ಇಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರು, ನನಗೆ ಲಾಭವಾಯಿತು. ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಏನು ಸಿಕ್ಕಿತು? ನಮ್ಮಲ್ಲೂ ಯಾಕೆ ಹಾಗೆ ಮಾಡಬಾರದು?
— ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಸಂಪಾದಕರ ಉತ್ತರ: ಮಾನ್ಯರೇ, ಎರಡೂ ಒಂದೇ ಅಲ್ಲ. ಒಂದೇ ಮನೆಯಲ್ಲಿ ಹುಟ್ಟಿ, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರು ಅನ್ನಬಹುದು. ಬ್ಯಾಂಕಿನಲ್ಲಿದ್ದವರಿಗೆ ಲೆಕ್ಕ ಹೇಳಿದರೆ ಬೇಸರವಾಗದು ಎಂಬ ಧೈರ್ಯದಿಂದ ನೇರ ಲೆಕ್ಕಕ್ಕೇ ಬರುತ್ತೇನೆ.

ನೆಗೆಟಿವ್ ಇನ್‌ಕಮ್ ಟ್ಯಾಕ್ಸನ್ನು ಪ್ರಸಿದ್ಧಿಗೆ ತಂದವರು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್, 1962ರಲ್ಲಿ. ಒಂದು ಗಡಿ ಹಾಕಿಕೊಳ್ಳಿ, ವರ್ಷಕ್ಕೆ 24,000 ಡಾಲರ್ ಅನ್ನಿ. ಅದಕ್ಕಿಂತ ಹೆಚ್ಚು ದುಡಿದವರು ತೆರಿಗೆ ಕಟ್ಟುತ್ತಾರೆ. ಕಡಿಮೆ ದುಡಿದವರಿಗೆ ಎಷ್ಟು ಕಡಿಮೆ ಬಿತ್ತೋ ಅದರ ಅರ್ಧವನ್ನು ಸರ್ಕಾರ ಕೊಡುತ್ತದೆ. ಏನೂ ದುಡಿಯದವರಿಗೆ 12,000 ಬರುತ್ತದೆ. 10,000 ದುಡಿದವರಿಗೆ 7,000 ಬಂದು ಕೈಯಲ್ಲಿ 17,000 ಆಗುತ್ತದೆ. ದುಡಿದಷ್ಟೂ ಕೈಗೆ ಬರುವುದು ಹೆಚ್ಚುತ್ತಲೇ ಹೋಗುತ್ತದೆ, ಆದರೆ ದುಡಿದ ಪ್ರತಿ ಡಾಲರ್‌ಗೆ ಅರ್ಧ ಡಾಲರ್ ನೆರವು ಕರಗುತ್ತದೆ. ಹತ್ತಾರು ಕಲ್ಯಾಣ ಯೋಜನೆಗಳನ್ನೂ ಅವುಗಳ ಕಚೇರಿಗಳನ್ನೂ ಮುಚ್ಚಿ ಇದೊಂದನ್ನೇ ಇಟ್ಟುಕೊಳ್ಳಿ ಎಂಬುದು ಫ್ರೀಡ್ಮನ್ ವಾದ.

ಕೇಳಲು ಚೆನ್ನಾಗಿದೆ. ತೊಡಕಿರುವುದು ಮೂರು ಸಂಖ್ಯೆಗಳ ನಡುವಿನ ಗಂಟಿನಲ್ಲಿ: ಏನೂ ದುಡಿಯದವರಿಗೂ ಸಿಗುವ 12,000ದ ಖಾತ್ರಿ, 24,000ದ ಗಡಿ, ನೆರವು ಕರಗುವ ದರ. ಅರ್ಧ ಡಾಲರ್ ಕರಗುವುದು ಜಾಸ್ತಿಯಾಯಿತು, ಕಾಲು ಡಾಲರ್ ಮಾತ್ರ ಕರಗಲಿ ಅನ್ನಿ. 12,000ದ ಖಾತ್ರಿ ಹಾಗೇ ಇರಬೇಕಾದರೆ ಗಡಿ 48,000ಕ್ಕೆ ಏರುತ್ತದೆ. ಆಗ ಮಧ್ಯಮ ವರ್ಗದ ದೊಡ್ಡ ಪಾಲು ತೆರಿಗೆ ಕಟ್ಟುವ ಸಾಲಿನಿಂದ ದುಡ್ಡು ತೆಗೆದುಕೊಳ್ಳುವ ಸಾಲಿಗೆ ಬಂದು ನಿಲ್ಲುತ್ತದೆ. ಖರ್ಚು ಇಳಿಸಲು ಖಾತ್ರಿಯನ್ನು 6,000ಕ್ಕೆ ತಂದರೆ ಏನೂ ಇಲ್ಲದವರಿಗೆ ಅದು ಸಾಲದು. ಧಾರಾಳ ಖಾತ್ರಿ, ದುಡಿಮೆಗೆ ಕಡಿಮೆ ಪೆಟ್ಟು, ಖಜಾನೆಗೆ ಕಡಿಮೆ ಖರ್ಚು: ಈ ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ಜಾರುತ್ತದೆ. ಇದಕ್ಕೆ ಜಾಣತನದ ಪರಿಹಾರ ಯಾರಿಗೂ ಸಿಕ್ಕಿಲ್ಲ.

ಅಧ್ಯಕ್ಷ ನಿಕ್ಸನ್ 1969ರಲ್ಲಿ ಇದೇ ಜಾತಿಯ ಒಂದು ಯೋಜನೆ ಮಂಡಿಸಿದರು. ಕೆಳಮನೆ ಒಪ್ಪಿತು, ಸೆನೆಟ್‌ನ ಹಣಕಾಸು ಸಮಿತಿಯಲ್ಲಿ ಸಿಕ್ಕಿಬಿತ್ತು. ಆ ಸಮಿತಿಯ ಅಧ್ಯಕ್ಷ ಲೂಸಿಯಾನದ ರಸೆಲ್ ಲಾಂಗ್‌ಗೆ ಕೆಲಸ ಮಾಡದವರಿಗೂ ಹಣ ಕೊಡುವುದು ಒಪ್ಪಿಗೆಯಿರಲಿಲ್ಲ. ದುಡಿಯುವವರಿಗೆ ಮಾತ್ರ ಬೋನಸ್ ಕೊಡೋಣ ಎಂದು ಅವರು ಪಟ್ಟು ಹಿಡಿದರು. ಅದೇ 1975ರಲ್ಲಿ ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್ ಆಗಿ, ಚುಟುಕಾಗಿ ಇಐಟಿಸಿ ಆಗಿ ಬಂತು. ಮೊದಲಿಗೆ ಸಿಗುತ್ತಿದ್ದದ್ದು ಗರಿಷ್ಠ 400 ಡಾಲರ್. ನಿಮ್ಮ ಮಗ ಹೇಳಿದ ಹೆಂಗಸಿಗೆ ಬರುವುದು ಬಹುಪಾಲು ಇದೇ ಇರಬೇಕು.

ಆಕೆ ಒಂಟಿ ತಾಯಿ, ಗಂಟೆಗೆ 12 ಡಾಲರ್ ಸಂಬಳ, ವಾರಕ್ಕೆ 40 ಗಂಟೆ ಕೆಲಸ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 24,960 ಡಾಲರ್ ಆಯಿತು. 2024ನೇ ವರ್ಷದ ನಿಯಮದಂತೆ ಇಬ್ಬರು ಮಕ್ಕಳಿದ್ದರೆ ದುಡಿದ ಪ್ರತಿ ಡಾಲರ್‌ಗೆ 40 ಸೆಂಟ್ ಸೇರುತ್ತಾ ಹೋಗುತ್ತದೆ, 17,400 ಡಾಲರ್ ಸಂಬಳದವರೆಗೆ. ಅಲ್ಲಿಗೆ ಕ್ರೆಡಿಟ್ 6,960 ಮುಟ್ಟಿ ನಿಲ್ಲುತ್ತದೆ. ಸಂಬಳ 22,720 ದಾಟಿದ ಮೇಲೆ ಪ್ರತಿ ಡಾಲರ್‌ಗೆ 21 ಸೆಂಟ್‌ನಷ್ಟು ಇಳಿಯುತ್ತದೆ, ಸುಮಾರು 55,800ರ ಹೊತ್ತಿಗೆ ಪೂರಾ ಮುಗಿಯುತ್ತದೆ. ನಮ್ಮ ಈ ತಾಯಿ ಇಳಿಜಾರಿನಲ್ಲಿ ಎರಡು ಸಾವಿರ ಚಿಲ್ಲರೆಯಷ್ಟು ಮುಂದೆ ಬಂದಿದ್ದಾಳೆ. ಹಾಗಾಗಿ 470 ಡಾಲರ್ ಕಳೆದು ಆಕೆಗೆ ಸಿಗುವುದು ಸುಮಾರು 6,490. ಇದನ್ನು ಮೊದಲು ಆಕೆಯ ಆದಾಯ ತೆರಿಗೆಗೆ ಹೊಂದಿಸಿ, ಉಳಿದದ್ದನ್ನು ನಗದಾಗಿ ಕೊಡುತ್ತಾರೆ. ಮಕ್ಕಳ ಹೆಸರಿನ ಇನ್ನೊಂದು ಕ್ರೆಡಿಟ್ ಬೇರೆ ಇದೆ, ಅದನ್ನಿಲ್ಲಿ ಪಕ್ಕಕ್ಕಿಟ್ಟಿದ್ದೇನೆ.

ಇದೇ ತಾಯಿ ವರ್ಷವಿಡೀ ಕೆಲಸವಿಲ್ಲದೆ ಕೂತರೆ ಫ್ರೀಡ್ಮನ್ ಲೆಕ್ಕದಲ್ಲಿ 12,000, ಇಐಟಿಸಿಯಲ್ಲಿ ಸೊನ್ನೆ. ಅಣ್ಣತಮ್ಮಂದಿರು ಬೇರೆಯಾದದ್ದು ಇಲ್ಲೇ. ಕೆಲಸಕ್ಕೆ ಹೋಗಬೇಕೋ ಬೇಡವೋ ಎಂದು ಹೊಯ್ದಾಡುವವರನ್ನು ಇಐಟಿಸಿ ಕೆಲಸದತ್ತ ಎಳೆಯುತ್ತದೆ. ಕೆಲಸ ಹೋದವರನ್ನು, ಕಾಯಿಲೆ ಬಿದ್ದವರನ್ನು ಹೆಚ್ಚೂಕಡಿಮೆ ಕೈಬಿಡುತ್ತದೆ. ಮಕ್ಕಳಿಲ್ಲದವರಿಗಂತೂ 2024ರಲ್ಲಿ ಗರಿಷ್ಠವೇ 632 ಡಾಲರ್.

ಇಳಿಜಾರಿನಲ್ಲಿರುವವರ ಕಷ್ಟ ಇನ್ನೊಂದು ಬಗೆಯದು. ಮ್ಯಾನೇಜರ್ ಆಕೆಗೆ ವರ್ಷಕ್ಕೆ ಸಾವಿರ ಡಾಲರ್ ಸಂಬಳ ಏರಿಸಿದರೆ ಕ್ರೆಡಿಟ್ 210 ಇಳಿಯುತ್ತದೆ, ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ಕಡಿತ 76 ಹೋಗುತ್ತದೆ. ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ಫುಡ್ ಸ್ಟ್ಯಾಂಪ್ ಇದ್ದರೆ ಅದೂ ತಗ್ಗುತ್ತದೆ. ಬಡವರಿಗಾಗಿ ಮಾಡಿದ ಬೇರೆ ಬೇರೆ ನೆರವುಗಳು ಒಂದೇ ಸಂಬಳದ ಮೇಲೆ ಏಕಕಾಲಕ್ಕೆ ಕತ್ತರಿ ಹಾಕಿದರೆ, ಕೋಟ್ಯಧೀಶನಿಗಿಂತ ಕ್ಲೀನಿಂಗ್ ಹೆಂಗಸಿನ ಕೊನೆಯ ಡಾಲರ್ ಮೇಲೆಯೇ ಹೆಚ್ಚು ಕಡಿತ ಬೀಳುವುದುಂಟು.

ಇನ್ನು ಮೋಸದ ವಿಷಯ. ಅಮೆರಿಕದ ತೆರಿಗೆ ಇಲಾಖೆಯ ಅಂದಾಜಿನಂತೆ ಇಐಟಿಸಿಯಲ್ಲಿ ಕೊಟ್ಟ ಹಣದ ಕಾಲು ಭಾಗಕ್ಕೂ ಹೆಚ್ಚು ತಪ್ಪಾಗಿ ಹೋಗುತ್ತದೆ. ಎಲ್ಲವೂ ಕಳ್ಳತನವಲ್ಲ. ಮಗು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಯಾರ ಮನೆಯಲ್ಲಿತ್ತೋ ಅವರೇ ಕ್ರೆಡಿಟ್ ಕೇಳಬೇಕು ಎಂಬ ನಿಯಮವಿದೆ. ಅಪ್ಪ ಅಮ್ಮ ಬೇರೆಯಾಗಿ, ಮಗು ಅಜ್ಜಿಯ ಮನೆಗೂ ಅಮ್ಮನ ಮನೆಗೂ ಓಡಾಡುತ್ತಿದ್ದರೆ ಇಬ್ಬರು ಪ್ರಾಮಾಣಿಕವಾಗಿಯೇ ಒಂದೇ ಮಗುವಿನ ಹೆಸರು ಬರೆಯುತ್ತಾರೆ. ಆಮೇಲೆ ಶಾಲೆಯ ಪತ್ರ, ಡಾಕ್ಟರ ಚೀಟಿ ತನ್ನಿ ಎಂದು ನೋಟಿಸ್ ಬರುತ್ತದೆ.

ಆದರೆ ಇನ್ನೊಂದು ಬಗೆ ಇದೆ, ನನಗೆ ಅದೇ ಹೆಚ್ಚು ಸ್ವಾರಸ್ಯ. ನಾವೆಲ್ಲ ಆದಾಯ ಬಚ್ಚಿಡುವವರನ್ನು ಬಲ್ಲೆವು. ಇಲ್ಲಿ ಇಲ್ಲದ ಆದಾಯವನ್ನು ತೋರಿಸಿದರೆ ಲಾಭ! 9,000 ದುಡಿದವನು 17,400 ಎಂದು ಬರೆದರೆ ಪ್ರತಿ ಸುಳ್ಳು ಡಾಲರ್‌ಗೂ 40 ಸೆಂಟ್ ಸಿಗುತ್ತದೆ. ಅರ್ಥಶಾಸ್ತ್ರಜ್ಞರಾದ ಎಮಾನ್ಯುಯೆಲ್ ಸಾಯೆಜ್, ರಾಜ್ ಚೆಟ್ಟಿ ಮೊದಲಾದವರು ರಿಟರ್ನ್‌ಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ, ಸ್ವಂತ ಉದ್ಯೋಗದವರ ಆದಾಯ ಕ್ರೆಡಿಟ್ ತುತ್ತತುದಿ ಮುಟ್ಟುವ ಬಿಂದುವಿನಲ್ಲೇ ಗುಂಪುಗೂಡಿತ್ತು. ಸಂಬಳದಾರರಲ್ಲಿ ಅಂಥ ಗುಂಪು ಹೆಚ್ಚುಕಡಿಮೆ ಇಲ್ಲ. ಅವರ ಸಂಬಳವನ್ನು ಡಬ್ಲ್ಯು-2 ಎಂಬ ಫಾರಂನಲ್ಲಿ ಮಾಲೀಕರೇ ಸರ್ಕಾರಕ್ಕೆ ತಿಳಿಸಿರುತ್ತಾರಲ್ಲ, ಅದಕ್ಕೆ. ಈ ಫಾರಂಗಳ ಜೊತೆ ತಾಳೆ ನೋಡಲು ಸಮಯ ಬೇಕೆಂದೇ, ಫೆಬ್ರವರಿ ಮಧ್ಯದವರೆಗೆ ಇಐಟಿಸಿ ರೀಫಂಡ್ ಬಿಡುಗಡೆ ಮಾಡಬಾರದು ಎಂದು 2015ರಲ್ಲಿ ಕಾನೂನು ತಂದರು.

ನಡುವೆ ಒಂದು ಮಾತು, ಮಕ್ಕಳನ್ನು ಅಲ್ಲಿ ಓದಲು ಕಳಿಸಿದವರಿಗೆ. ಎಫ್-1 ವೀಸಾದ ವಿದ್ಯಾರ್ಥಿಗಳನ್ನು ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಮೊದಲ ಐದು ವರ್ಷ ಅನಿವಾಸಿಗಳೆಂದೇ ಎಣಿಸುತ್ತಾರೆ, ಅವರಿಗೆ ಈ ಕ್ರೆಡಿಟ್ ಇಲ್ಲ. ಸಾಫ್ಟ್‌ವೇರ್‌ನಲ್ಲಿ ನಿವಾಸಿಗಳ ಫಾರಂ ತುಂಬಿ ಕ್ರೆಡಿಟ್ ಬಂದರೂ ಅದು ಹಿಂತಿರುಗಿಸಬೇಕಾದ ಹಣ. ನಿಯಮವನ್ನು ಬೇಕೆಂದೇ ಕಡೆಗಣಿಸಿದರೆ ಎರಡು ವರ್ಷ, ವಂಚನೆಯಾದರೆ ಹತ್ತು ವರ್ಷ ಕ್ರೆಡಿಟ್ ಕೇಳುವಂತಿಲ್ಲ.

ಈಗ ಊರಿಗೆ ಬರೋಣ. ನಿಮಗೆ ಲಾಭವಾದದ್ದು 87ಎ ರಿಬೇಟ್‌ನಿಂದ. ಹೊಸ ಪದ್ಧತಿಯಲ್ಲಿ ಆದಾಯ 12 ಲಕ್ಷದೊಳಗಿದ್ದರೆ 60,000 ರೂಪಾಯಿವರೆಗಿನ ತೆರಿಗೆ ಮನ್ನಾ. ಮನ್ನಾ ಆಗಲು ಮೊದಲು ತೆರಿಗೆ ಬೀಳಬೇಕು. ತಿಂಗಳಿಗೆ 9,000 ದುಡಿಯುವಾಕೆಗೆ ತೆರಿಗೆ ಸೊನ್ನೆ, ಮನ್ನಾ ಸೊನ್ನೆ. ಇಐಟಿಸಿ ಸೊನ್ನೆಯ ಕೆಳಗೂ ಇಳಿದು ನಗದಾಗುತ್ತದೆ, ನಮ್ಮ ರಿಬೇಟ್ ಸೊನ್ನೆಯಲ್ಲಿ ನಿಂತುಬಿಡುತ್ತದೆ. ನಮ್ಮಲ್ಲಿ ರೀಫಂಡ್ ಬಂತು ಅಂದರೆ ನಮ್ಮದೇ ಟಿಡಿಎಸ್ ವಾಪಸ್ ಬಂತು ಎಂದೇ ಅರ್ಥ.

ಹಾಗಾದರೆ ನಾವೂ ಸೊನ್ನೆಯ ಕೆಳಗಿಳಿಯಬಹುದಲ್ಲ? ನನ್ನ ಮಟ್ಟಿಗೆ ಅಡ್ಡ ಬರುವುದು ದುಡ್ಡಿಗಿಂತ ಮೊದಲು ದಾಖಲೆ. ಇಂಥ ನೆರವಿಗೆ ಪ್ರತಿ ಬಡವರ ವರ್ಷದ ದುಡಿಮೆ ಎಷ್ಟೆಂದು ತಿಳಿದಿರಬೇಕು, ಅದನ್ನು ಬೇರೊಬ್ಬರು ದೃಢಪಡಿಸಿರಬೇಕು. ನಮ್ಮಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯೇ ಇಲ್ಲ. ಕೂಲಿ, ಗಾರೆ, ಹೋಟೆಲ್, ಮನೆಗೆಲಸದ ಸಂಬಳ ಬಹುಪಾಲು ರಸೀದಿಯಿಲ್ಲದೆ ಕೈ ಬದಲಾಗುತ್ತದೆ. ಅಂಥ ಕಡೆ 40 ಪೈಸೆಯ ಕ್ರೆಡಿಟ್ ತಂದರೆ, ಅಮೆರಿಕದ ಸ್ವಂತ ಉದ್ಯೋಗದವರು ಗುಂಪುಗೂಡಿದ ಆ ಬಿಂದುವಿನಲ್ಲಿ ನಮ್ಮ ಇಡೀ ತಾಲ್ಲೂಕುಗಳೇ ನಿಂತಿರುತ್ತವೆ. ಅದಕ್ಕೇ ನಮ್ಮ ಸರ್ಕಾರಗಳು ಆದಾಯ ಅಳೆಯುವ ಗೋಜಿಗೆ ಹೋಗದೆ ಒಂದೇ ಮೊತ್ತ ಕೊಡುತ್ತವೆ. ಗೃಹಲಕ್ಷ್ಮಿಯ ತಿಂಗಳ 2,000 ನೋಡಿ: ಮನೆಯೊಡತಿಯೋ ಆಕೆಯ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದರೆ ಹಣವಿಲ್ಲ. ಅಮೆರಿಕದಲ್ಲಿ ರಿಟರ್ನ್ ಹಾಕಿದರೆ ನೆರವು, ಇಲ್ಲಿ ಹಾಕಿದರೆ ನೆರವು ತಪ್ಪೀತೆಂಬ ಭಯ. ಮೊತ್ತ ಎಲ್ಲರಿಗೂ ಒಂದೇ ಆದ್ದರಿಂದ ದುಡಿಮೆ ಹೆಚ್ಚಾದಂತೆ ಕರಗುವುದಿಲ್ಲ, ತಿಂಗಳು ತಿಂಗಳು ಕೊಡುವ ಯೋಜನೆ ಎಂಬುದೂ ಸಣ್ಣ ವಿಷಯವಲ್ಲ. ಇಐಟಿಸಿ ವರ್ಷಕ್ಕೊಮ್ಮೆ ಬರುವುದು. ತಿಂಗಳ ಸಂಬಳದಲ್ಲೇ ಸ್ವಲ್ಪ ಸ್ವಲ್ಪ ಸೇರಿಸಿ ಕೊಡುವ ಏರ್ಪಾಡು ಅಲ್ಲಿ ಮೂವತ್ತು ವರ್ಷ ಇತ್ತು, ಬಳಸುವವರಿಲ್ಲದೆ 2010ರಲ್ಲಿ ನಿಂತುಹೋಯಿತು. ಮುಂಗಡವಾಗಿ ಹೆಚ್ಚು ಬಂದರೆ ವರ್ಷದ ಕೊನೆಗೆ ವಾಪಸ್ ಕಟ್ಟಬೇಕಲ್ಲ ಎಂಬ ಅಳುಕೂ ಅದಕ್ಕೆ ಒಂದು ಕಾರಣ. ಆ ಅಳುಕು ಸುಳ್ಳಲ್ಲ: ಬ್ರಿಟನ್ 2003ರಲ್ಲಿ ಅಂದಾಜು ಆದಾಯದ ಮೇಲೆ ಕಂತುಗಳಲ್ಲಿ ಕ್ರೆಡಿಟ್ ಕೊಡತೊಡಗಿ, ಮೊದಲ ವರ್ಷವೇ ಸುಮಾರು 200 ಕೋಟಿ ಪೌಂಡ್ ಹೆಚ್ಚು ಕೊಟ್ಟು, ಬಡ ಮನೆಗಳಿಂದ ವಸೂಲಿಗಿಳಿಯಬೇಕಾಯಿತು.

ನಮ್ಮಲ್ಲಿ ಶುರು ಮಾಡಬಹುದಾದ ಜಾಗ ಒಂದಿದೆ, ಪಿಎಫ್ ಖಾತೆ. ಅಲ್ಲಿ ಮಾಲೀಕರೇ ತಿಂಗಳು ತಿಂಗಳು ಸಂಬಳ ದಾಖಲಿಸುತ್ತಾರೆ. 2025ರ ಆಗಸ್ಟ್‌ನಿಂದ ಜಾರಿಗೆ ಬಂದ ಕೇಂದ್ರದ ರೋಜ್‌ಗಾರ್ ಯೋಜನೆ, ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ 15,000 ರೂಪಾಯಿವರೆಗೆ ಕೊಡಲು ನೆಚ್ಚಿಕೊಂಡಿರುವುದೂ ಈ ದಾಖಲೆಯನ್ನೇ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದೇ ದಾರಿಯಲ್ಲಿ ಪ್ರತಿ ತಿಂಗಳು ಒಂದಿಷ್ಟು ಸೇರಿಸುವುದು ಅಸಾಧ್ಯವೇನಲ್ಲ.

ನಿಮ್ಮ ಮನೆಗೆಲಸದವರು ಮಾತ್ರ ಆಗಲೂ ಹೊರಗೇ ಉಳಿಯುತ್ತಾರೆ, ಅವರ ಮಾಲೀಕರು ನೀವು. ಅಮೆರಿಕದಲ್ಲಿ ಮನೆಗೆಲಸದವರಿಗೆ 2024ರಲ್ಲಿ 2,700 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟ ಮನೆಯವರು ಡಬ್ಲ್ಯು-2 ಕೊಟ್ಟು, ಸಾಮಾಜಿಕ ಭದ್ರತೆಯ ಪಾಲನ್ನೂ ಕಟ್ಟಬೇಕು. ಅಲ್ಲೂ ಎಷ್ಟೋ ಮನೆಯವರು ತಪ್ಪಿಸಿಕೊಳ್ಳುತ್ತಾರೆ, ಆಗ ಆ ಕೆಲಸದಾಕೆಗೆ ತನ್ನ ದುಡಿಮೆಯನ್ನು ರುಜುವಾತು ಮಾಡಿ ಕ್ರೆಡಿಟ್ ಕೇಳುವುದು ಕಷ್ಟವಾಗುತ್ತದೆ. ಅಂಥ ಫಾರಂ ಇಲ್ಲಿಗೆ ಬಂದರೆ ತುಂಬಿ ಸಹಿ ಹಾಕುತ್ತೀರಾ? ಇನ್ನೊಂದು ಕಾಗದ ಬರೆದು ತಿಳಿಸಿ, ಪ್ರಕಟಿಸುತ್ತೇನೆ.