ಹಾಲು ಒಯ್ಯಲು ಬಂದವರು ಇನ್ನೊಂದು ಸಾಮಾನು ತೊಗೊಳ್ಳುವಂತೆ

ಪ್ರಶ್ನೆ: ಗದಗದ ಬಡಾವಣೆಯೊಂದರಲ್ಲಿ ನಮ್ಮ 900 ಚದರಡಿಯ ಸೂಪರ್ ಮಾರ್ಕೆಟ್ ಇದೆ. ದಿನಕ್ಕೆ 180 ಬಿಲ್ ಆಗುತ್ತವೆ, ವ್ಯಾಪಾರ 34,200 ರೂಪಾಯಿ. ಬಿಲ್ಲಿಗೆ 190 ದಾಟುತ್ತಿಲ್ಲ. ಹಾಲಿನ ಫ್ರಿಜ್ ಕೌಂಟರ್ ಪಕ್ಕದಲ್ಲಿದೆ. ಬಂದವರು ಹಾಲು ಒಯ್ದು ಹೋಗಿಬಿಡುತ್ತಾರೆ. ಏನು ಮಾಡೋದು?

ಉತ್ತರ: ಫ್ರಿಜ್ಜಿನಿಂದಲೇ ಶುರು ಮಾಡಿ. ಅದನ್ನು ಅಂಗಡಿಯ ಹಿಂಬದಿಗೆ ಒಯ್ಯಿರಿ, ಆದರೆ ಬಾಗಿಲಿನಿಂದ ಕಾಣುವಂತಿರಲಿ. ಕಾಣದಿದ್ದರೆ ಹಾಲು ಖಾಲಿ ಅಂದುಕೊಂಡು ವಾಪಸ್ ಹೋಗುತ್ತಾರೆ. ಬೆಳಿಗ್ಗೆ ಮಾತ್ರ ಜನರಿಗೆ ಗಡಿಬಿಡಿ. ಆ ಹೊತ್ತಿನಲ್ಲಿ ಹೊಸದಾಗಿ ಬಂದ ಒಂದು ಟ್ರೇ ಕೌಂಟರ್ ಹತ್ತಿರವೇ ಇಟ್ಟು ಬೇಗ ಖಾಲಿ ಮಾಡಿ. ನಿಮ್ಮ ಲೆಕ್ಕ ಬದಲಾಗುವುದು ಸಂಜೆ ಬರುವವರಿಂದ.

ಫ್ರಿಜ್‌ಗೆ ಹೋಗುವ ದಾರಿಯಲ್ಲಿ ಏನಿಡಬೇಕು ಅನ್ನೋದು ಮುಖ್ಯ. ಸಂಜೆ ಹಾಲಿಗೆ ಬಂದವರ ಮನೆಯಲ್ಲಿ ಚಹಾ ಆಗಬೇಕು. ಹಾಗಾಗಿ ಚಹಾಪುಡಿ, ಸಕ್ಕರೆ, ಬಿಸ್ಕತ್ತು, ಖಾರಾ ಒಂದೇ ಕಡೆ ಇರಲಿ. ಚುರುಮುರಿ ಪಕ್ಕದಲ್ಲೇ ಪುಟಾಣಿ ಹಿಟ್ಟು, ಶೇಂಗಾ ಇಟ್ಟರೆ ಗಿರ್ಮಿಟ್ ಮಾಡೋಣ ಅಂತ ಅಲ್ಲೇ ನೆನಪಾಗುತ್ತದೆ. ಜೋಳದ ಹಿಟ್ಟಿನ ಪಕ್ಕ ಶೇಂಗಾ ಚಟ್ನಿ, ಅಗಸಿ ಚಟ್ನಿ ಇಡಿ. ಜೋಳದ ಹಿಟ್ಟನ್ನು ಜನ ಹುಡುಕಿಕೊಂಡೇ ಬರುತ್ತಾರೆ, ಅದು ಕೆಳಗಿನ ಶೆಲ್ಫಿನಲ್ಲಿದ್ದರೂ ನಡೆಯುತ್ತದೆ. ಕಣ್ಣಿನ ಮಟ್ಟದ ಶೆಲ್ಫ್ ಚಟ್ನಿಗೆ ಇರಲಿ. ಪಂಚಮಿಗೆ ಎರಡು ವಾರ ಮೊದಲು ಸಾಲಿನ ತುದಿಯಲ್ಲಿ ಶೇಂಗಾ, ಎಳ್ಳು, ಬೆಲ್ಲ, ಏಲಕ್ಕಿ ಒಟ್ಟಿಗೆ ಇಡಿ. ಉಂಡಿ ಕಟ್ಟುವವರು ನಾಲ್ಕು ಕಡೆ ಸುತ್ತಬಾರದು, ಅಲ್ವಾ?

ಇನ್ನೊಂದು ಸಂಗತಿ ನೋಡಿ. ಹೆಣ್ಣುಮಗಳೊಬ್ಬರು ಎರಡು ಹಾಲಿನ ಪ್ಯಾಕೆಟ್, ಒಂದು ಬ್ರೆಡ್ ಎದೆಗೆ ಒತ್ತಿ ಹಿಡಿದಿದ್ದಾರೆ. ಚಟ್ನಿ ಬೇಕು ಅನಿಸಿದರೂ ಕೈ ಖಾಲಿ ಇಲ್ಲ. ಬುಟ್ಟಿಗಳು ಬಾಗಿಲ ಹತ್ತಿರವಷ್ಟೇ ಇದ್ದರೆ ಹೀಗಾಗುತ್ತದೆ. ಫ್ರಿಜ್ ಪಕ್ಕದಲ್ಲೂ ಐದಾರು ಬುಟ್ಟಿ ಇಡಿ.

ಕೌಂಟರ್ ಮೇಲೆ ಜಾಸ್ತಿ ತುಂಬಬೇಡಿ. 20 ರೂಪಾಯಿ ಒಳಗಿನ, ಮನೆಯಲ್ಲಿ ಮರೆತುಹೋಗುವ ಏಳೆಂಟು ಸಾಮಾನು ಸಾಕು. ಕಡ್ಡಿಪೆಟ್ಟಿಗೆ, ಕರ್ಪೂರ, ಪೆನ್ಸಿಲ್ ಸೆಲ್, ಶಾಂಪೂ ಸ್ಯಾಶೆ ಇಂಥವು. ಗಿರಾಕಿ ಚೀಲ ಇಡಲು ಒಂದಡಿ ಜಾಗ ಬಿಡಲೇಬೇಕು. ಜಾಗ ಇಲ್ಲದಿದ್ದರೆ ಬಿಲ್ ನಿಧಾನವಾಗುತ್ತದೆ, ಸಾಲು ಬೆಳೆಯುತ್ತದೆ. ಸಾಲು ನೋಡಿ ಹಿಂದಿನವರು ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಹೊರಡುತ್ತಾರೆ.

ಎಲ್ಲವನ್ನೂ ಒಂದೇ ದಿನ ಅದಲುಬದಲು ಮಾಡಬೇಡಿ. ಹಳೆಯ ಗಿರಾಕಿಗಳು ಸುಮ್ನೆ ತಬ್ಬಿಬ್ಬಾಗುತ್ತಾರೆ, ಯಾವ ಬದಲಾವಣೆ ಫಲ ಕೊಟ್ಟಿತು ಅಂತ ನಿಮಗೂ ತಿಳಿಯುವುದಿಲ್ಲ. ಮೊದಲು ಫ್ರಿಜ್, ಎರಡು ವಾರ ಬಿಟ್ಟು ಕೌಂಟರ್.

ಲೆಕ್ಕವನ್ನು ಸರಾಸರಿ ಒಂದರಿಂದಲೇ ನೋಡಬೇಡಿ. ಒಬ್ಬರು ತಿಂಗಳ ಸಂತೆಯನ್ನು 4,000ಕ್ಕೆ ಮಾಡಿದರೆ ಆ ದಿನದ ಸರಾಸರಿ 190 ಇದ್ದದ್ದು 211 ಆಗಿಬಿಡುತ್ತದೆ. ಉಳಿದ 180 ಬಿಲ್ ಇದ್ದಲ್ಲೇ ಇರುತ್ತವೆ. ಅದಕ್ಕೇ ಒಂದು ಅಥವಾ ಎರಡೇ ಸಾಮಾನಿನ ಬಿಲ್ಲುಗಳು ದಿನಕ್ಕೆ ಎಷ್ಟು ಅಂತ ಎಣಿಸಿ. ಈ ತಿಂಗಳ 10ರಿಂದ 24ರವರೆಗಿನದನ್ನು ಹಿಂದಿನ ತಿಂಗಳ ಅದೇ ತಾರೀಖುಗಳ ಜೊತೆ ಹೋಲಿಸಿ, ಏಕೆಂದರೆ ಪಗಾರ ಆದ ವಾರ ಹೇಗಿದ್ದರೂ ಬಿಲ್ ದೊಡ್ಡದಿರುತ್ತದೆ. ಸಂಜೆಯ ಸಣ್ಣ ಬಿಲ್ಲುಗಳು ಕಡಿಮೆಯಾಗಿ, ದಿನದ ಒಟ್ಟು ಬಿಲ್ 180ರ ಆಸುಪಾಸಿನಲ್ಲೇ ಇದ್ದರೆ ಫ್ರಿಜ್ ಸರಿಯಾದ ಜಾಗದಲ್ಲಿದೆ. ಒಟ್ಟು ಬಿಲ್ಲೇ ಇಳಿದರೆ ಹಾಲಿಗೆ ಬರುತ್ತಿದ್ದವರು ಬೇರೆ ಅಂಗಡಿ ಹಿಡಿದಿದ್ದಾರೆ. ಆಗ ಫ್ರಿಜ್ಜನ್ನು ಅರ್ಧ ದಾರಿ ಮುಂದಕ್ಕೆ ತನ್ನಿ.