ಮಾಹಿತಿ ಹಕ್ಕಿನ 8(1)(ಜೆ) ತಿದ್ದುಪಡಿ ಬಗ್ಗೆ ಅಸೈನ್‌ಮೆಂಟ್ ಬರೆಯೋದು ಹೇಗೆ?

ಪ್ರಶ್ನೆ: ಎಲ್‌ಎಲ್‌ಬಿ ಕೊನೇ ವರ್ಷದಲ್ಲಿದ್ದೇನೆ. ಇತ್ತೀಚಿನ ಒಂದು ತಿದ್ದುಪಡಿ ಬಗ್ಗೆ ಮನೆಯಲ್ಲೇ ಬರೆದು ತರೋ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಅಡಿಟಿಪ್ಪಣಿ ಸರಿಯಾಗಿರಬೇಕು, ವಿಮರ್ಶೆ ಇರಬೇಕು, ಸುಧಾರಣೆನೂ ಹೇಳಬೇಕಂತೆ. ಆರ್‌ಟಿಐ 8(1)(ಜೆ) ತಗೊಂಡಿದ್ದೀನಿ. ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ಮೊದಲು ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆಯಿರಿ. ಸೆಕ್ಷನ್ 8(1) ಅಂದರೆ ಯಾವ ಮಾಹಿತಿಯನ್ನು ನಿರಾಕರಿಸಬಹುದು ಅನ್ನುವ ವಿನಾಯಿತಿಗಳ ಪಟ್ಟಿ, ಅದರಲ್ಲಿ ವೈಯಕ್ತಿಕ ಮಾಹಿತಿಯ ಖಂಡವೇ (ಜೆ). ಎಡಕ್ಕೆ ಹಳೆಯ (ಜೆ), ಬಲಕ್ಕೆ ಹೊಸದು. ಎರಡನ್ನೂ ಕೈಯಲ್ಲೇ ಬರೆಯಿರಿ. ನಾನು ವಕೀಲಿಕೆ ಜೊತೆಗೆ ಕಾನೂನು ವಿದ್ಯಾರ್ಥಿಗಳ ಅಸೈನ್‌ಮೆಂಟ್ ತಿದ್ದುತ್ತೇನೆ. ಈ ಹಾಳೆ ಬರೆದವರು ಯಾರು, ಬರೆಯದವರು ಯಾರು ಅಂತ ಎರಡನೇ ಪುಟಕ್ಕೇ ಗೊತ್ತಾಗಿಬಿಡುತ್ತದೆ.

ಬಲಗಡೆ ಇರುವುದು ಇಷ್ಟೇ: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. ಇಂಗ್ಲಿಷಿನಲ್ಲಿ ಬರೀ ಆರು ಪದ. ಎಡಗಡೆ ಉದ್ದವಿದೆ. ನಿರಾಕರಿಸಲು ಮಾಹಿತಿ ವೈಯಕ್ತಿಕವಾಗಿದ್ದರೆ ಸಾಲದು. ಅದಕ್ಕೆ ಸಾರ್ವಜನಿಕ ಕೆಲಸದ ಜೊತೆ ಯಾವ ಸಂಬಂಧವೂ ಇರಬಾರದು, ಇಲ್ಲವೇ ಅದನ್ನು ಕೊಟ್ಟರೆ ಒಬ್ಬರ ಖಾಸಗಿತನಕ್ಕೆ ಕಾರಣವಿಲ್ಲದೆ ಕೈ ಹಾಕಿದಂತಾಗಬೇಕು. ಆಗಲೂ ದೊಡ್ಡ ಸಾರ್ವಜನಿಕ ಹಿತ ಇದೆ ಅನಿಸಿದರೆ ಮಾಹಿತಿ ಅಧಿಕಾರಿಯೇ ಕೊಡಬಹುದಿತ್ತು. ಕೊನೆಯಲ್ಲಿ ಒಂದು ಪರಂತುಕವೂ ಇತ್ತು: ಸಂಸತ್ತಿಗೆ, ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸುವಂತಿಲ್ಲ. ಬದಲಿ ಬಂದ ಪಠ್ಯದಲ್ಲಿ ಇವು ಯಾವುದೂ ಇಲ್ಲ.

ಈ ಬದಲಾವಣೆ ಆರ್‌ಟಿಐ ತಿದ್ದುಪಡಿ ಕಾಯ್ದೆ ಅಂತ ಪ್ರತ್ಯೇಕವಾಗಿ ಬಂದದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 44(3)ರಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ಕ್ಕೆ, ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಈ ಎರಡು ದಿನಾಂಕಗಳ ನಡುವೆ ಹಳೆಯ ಪಠ್ಯವೇ ಕಾನೂನಾಗಿತ್ತು. "2023ರಿಂದ ಈ ಹಕ್ಕು ಹೋಯಿತು" ಅಂತ ಬರೆದರೆ ಅಂಕ ಅಲ್ಲೇ ಹೋಗುತ್ತದೆ. ಅಂಕಿತಕ್ಕೆ ಒಂದು ಅಡಿಟಿಪ್ಪಣಿ, ಜಾರಿ ಅಧಿಸೂಚನೆಗೆ ಇನ್ನೊಂದು, ಎರಡೂ ಗೆಜೆಟ್‌ನಿಂದಲೇ ಇರಲಿ. ಪತ್ರಿಕೆ ವರದಿ ನಡೆದ ಘಟನೆಗೆ ಸಾಕ್ಷಿಯಾಗಬಹುದು, ಕಾನೂನಿನ ಪಠ್ಯಕ್ಕೆ ಆಗದು.

ಇನ್ನು ತೀರ್ಪುಗಳು. ಜಾಸ್ತಿ ಜನ ಎಡವುವುದು ಇಲ್ಲೇ. ಈ ವಿಷಯಕ್ಕೆ ಎಲ್ಲರೂ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣ ಹಾಕುತ್ತಾರೆ, (2013) 1 ಎಸ್‌ಸಿಸಿ 212. "ನೌಕರರ ಮೆಮೊ, ಶಿಕ್ಷೆ, ಆಸ್ತಿ ವಿವರ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ತೀರ್ಪು ತೆಗೆದು ಓದಿ. ಅವು ವೈಯಕ್ತಿಕ ಮಾಹಿತಿ ಅಂತ ಕೋರ್ಟ್ ಹೇಳಿದೆ, ನಿಜ. ಆದರೆ ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು, ಈ ಅರ್ಜಿದಾರರು ಅದನ್ನು ತೋರಿಸಿಲ್ಲ ಅಂತಲೂ ಹೇಳಿದೆ. ಆ ಎರಡನೇ ಮಾತು ನಿಂತಿದ್ದು ಹಳೆಯ ಪಠ್ಯದ ಮೇಲೆ. ಆ ಪಠ್ಯ ಈಗ ಇಲ್ಲ. ಹಾಗಾಗಿ ಪ್ರತಿ ತೀರ್ಪಿನ ಅಡಿಟಿಪ್ಪಣಿಯಲ್ಲೂ "ತಿದ್ದುಪಡಿಗೆ ಮುಂಚಿನ (ಜೆ) ಕುರಿತು" ಅಂತ ನಾಲ್ಕು ಪದ ಸೇರಿಸಿ. ಸುಭಾಷ್ ಚಂದ್ರ ಅಗರ್‌ವಾಲ್ ಪ್ರಕರಣಕ್ಕೂ, (2020) 5 ಎಸ್‌ಸಿಸಿ 481, ಇದೇ ಮಾತು.

ಪ್ಯಾರಾ ಸಂಖ್ಯೆ ಹಾಕುವಾಗ ಯಾವ ಪ್ರತಿ ನೋಡಿದಿರೋ ಅದರದ್ದೇ ಹಾಕಿ. ಕೋರ್ಟ್ ವೆಬ್‌ಸೈಟಿನ ಪ್ರತಿಗೂ ಎಸ್‌ಸಿಸಿಗೂ ಒಂದೊಂದು ಸಲ ಸಂಖ್ಯೆ ಬೇರೆ ಇರುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಒಂದು ಪ್ಯಾರಾ ಉಲ್ಲೇಖಿಸಿದ್ದಳು. ನಾನು ತೆಗೆದು ನೋಡಿದರೆ ಅಲ್ಲಿದ್ದದ್ದು ಸೋತ ವಕೀಲರ ವಾದ, ಕೋರ್ಟಿನ ತೀರ್ಮಾನ ಅಲ್ಲ. ಯಾರದೋ ಲೇಖನದಿಂದ ಎತ್ತಿಕೊಂಡಿದ್ದಳು. ಹಾಗೆ ಎತ್ತಿಕೊಳ್ಳಲೇಬೇಕಾದರೆ ಆ ಲೇಖನವನ್ನೇ ಹೆಸರಿಸಿ, "ಇಂಥ ಲೇಖನದಲ್ಲಿ ಉಲ್ಲೇಖಿಸಿದಂತೆ" ಅಂತ ಬರೆಯಿರಿ.

ವಿಮರ್ಶೆಗೆ ಒಂದೇ ಒಂದು ಅರ್ಜಿ ಹಿಡಿದುಕೊಳ್ಳಿ. ನಮ್ಮ ಊರ ಕಡೆ ದಿನಾ ಕಾಣುವಂಥದ್ದು: ಒಬ್ಬರು ಗ್ರಾಮ ಪಂಚಾಯಿತಿಗೆ ಹೋಗಿ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಕೇಳುತ್ತಾರೆ. ಈಗಾಗಲೇ ಆರ್‌ಸಿಸಿ ಮನೆ ಇರುವವರಿಗೆ ಮತ್ತೆ ಮನೆ ಹೋಗಿದೆಯಾ ಅನ್ನುವುದು ಅವರ ಅನುಮಾನ. ಹಳೆಯ ಪಠ್ಯದಲ್ಲಿ, ಇದು ಸರ್ಕಾರದ ದುಡ್ಡು, ಸಾರ್ವಜನಿಕ ಕೆಲಸ ಅನ್ನುವ ಉತ್ತರ ಸುಲಭವಾಗಿ ಸಿಗುತ್ತಿತ್ತು. ಹೊಸ ಪಠ್ಯದಲ್ಲಿ ಹೆಸರು ಕಂಡ ಕೂಡಲೇ ಅಧಿಕಾರಿ "ವೈಯಕ್ತಿಕ" ಅಂದು ಫೈಲ್ ಮುಚ್ಚಬಹುದು. ಆರ್‌ಟಿಐ ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿ ಅಂದರೆ ಏನು ಅನ್ನುವ ವ್ಯಾಖ್ಯೆಯೇ ಇಲ್ಲ. 2023ರ ಕಾಯ್ದೆಯ ವ್ಯಾಖ್ಯೆ ಎರವಲು ತಂದರೆ, ವ್ಯಕ್ತಿಯನ್ನು ಗುರುತಿಸಬಹುದಾದ ಯಾವ ದತ್ತಾಂಶವಾದರೂ ಅದರೊಳಗೆ ಬರುತ್ತದೆ.

ಎದುರು ವಾದವನ್ನು ಅದರ ಪೂರ್ತಿ ಬಲದಲ್ಲಿ ಬರೆಯಿರಿ. ಸರ್ಕಾರ ಎರಡು ಮಾತು ಹೇಳುತ್ತದೆ. ಒಂದು, 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಅಂದಿದೆ. (ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು.) ಎರಡು, ಸೆಕ್ಷನ್ 8(2) ಹಾಗೇ ಇದೆ. ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಯಾವ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು.

ನಿಮ್ಮ ಉತ್ತರ ಇಲ್ಲಿ ಹರಿತವಾಗಿರಬೇಕು. ಖಾಸಗಿತನವನ್ನು ಮೂಲಭೂತ ಹಕ್ಕು ಅಂದ ಆ ತೀರ್ಪಿನಲ್ಲೇ ಅನುಪಾತದ ಮಾತೂ ಇದೆ, ಅಂದರೆ ಹಕ್ಕಿಗೆ ಹಾಕುವ ಮಿತಿ ಅದರ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಹಳೆಯ (ಜೆ) ಎರಡು ಹಕ್ಕುಗಳನ್ನು ತೂಗುತ್ತಿತ್ತು, ಹೊಸದರಲ್ಲಿ ತಕ್ಕಡಿಯೇ ಇಲ್ಲ. ಇನ್ನು 8(2)ರಲ್ಲಿರುವುದು "ಕೊಡಬಹುದು" ಅನ್ನುವ ಪದ. ಅಲ್ಲಿ ನಿರ್ಧರಿಸುವುದು ಸಾರ್ವಜನಿಕ ಪ್ರಾಧಿಕಾರ. ಮೊದಲು ಮಾಹಿತಿ ಅಧಿಕಾರಿ "ಇದು ವಿನಾಯಿತಿಗೆ ಯಾಕೆ ಬರುತ್ತೆ" ಅಂತ ತೋರಿಸಬೇಕಿತ್ತು. ಈಗ ಅರ್ಜಿದಾರರೇ ಸಾರ್ವಜನಿಕ ಹಿತ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳುವ ಹಾಗಾಗಿದೆ.

ಒಂದು ಬಲೆ ಇದೆ, ಹುಷಾರು. ಸೆಕ್ಷನ್ 4(1)(ಬಿ) ಪ್ರಕಾರ ಸಬ್ಸಿಡಿ ಫಲಾನುಭವಿಗಳ ವಿವರವನ್ನು ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕು. ಕಾನೂನಿನ ಕಟ್ಟುಪಾಡಿನಿಂದ ಬಹಿರಂಗವಾದ ದತ್ತಾಂಶಕ್ಕೆ 2023ರ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರ ಸೆಕ್ಷನ್ 3 ಹೇಳುತ್ತದೆ. "ಹಾಗಾದರೆ ಸಮಸ್ಯೆಯೇ ಇಲ್ಲ" ಅಂತ ಅಲ್ಲಿಗೇ ನಿಲ್ಲಿಸಬೇಡಿ. ಸೆಕ್ಷನ್ 8(1) ಶುರುವಾಗುವುದೇ "ಈ ಕಾಯ್ದೆಯಲ್ಲಿ ಏನೇ ಇದ್ದರೂ" ಅಂತ. ಅಂದರೆ ಅದು ಸೆಕ್ಷನ್ 4ನ್ನೂ ಮೀರುತ್ತದೆ ಅನ್ನುವ ವಾದಕ್ಕೆ ಜಾಗ ಇದೆ. ಈ ತಿಕ್ಕಾಟಕ್ಕೆ ಒಂದಿಡೀ ಪುಟ ಕೊಡಿ.

ಸುಧಾರಣೆ ಭಾಗದಲ್ಲಿ "ಸಮತೋಲನ ಬೇಕು" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಕಾನೂನಿನ ಭಾಷೆಯಲ್ಲೇ ಒಂದು ಕರಡು ಬರೆಯಿರಿ. ನೋಡಲು ಮಾದರಿಯೂ ಇದೆ: ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯ 2018ರ ಕರಡು. ವ್ಯಕ್ತಿಗೆ ಹಾನಿಯಾಗುವ ಸಂಭವ ಇದ್ದು, ಆ ಹಾನಿ ಸಾರ್ವಜನಿಕ ಹಿತಕ್ಕಿಂತ ಹೆಚ್ಚಿದ್ದರೆ ಮಾತ್ರ ಅದರಲ್ಲಿ ವಿನಾಯಿತಿ. ನಾನಾದರೆ ಹಳೆಯ ಪಠ್ಯವನ್ನು ವಾಪಸ್ ತಂದು ಕೆಳಗೆ ಒಂದು ವಿವರಣೆ ಸೇರಿಸುತ್ತೇನೆ: "ಸಾರ್ವಜನಿಕ ಹಣದಿಂದ ಸೌಲಭ್ಯ ಪಡೆದವರ ಹೆಸರು, ಊರು, ಸೌಲಭ್ಯದ ಮೊತ್ತ ಈ ಖಂಡದ ವಿನಾಯಿತಿಗೆ ಒಳಪಡುವುದಿಲ್ಲ." ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಮುಚ್ಚಿ ಉಳಿದದ್ದು ಕೊಡಲು ಸೆಕ್ಷನ್ 10 ಈಗಾಗಲೇ ಇದೆ.

ಆಮೇಲೆ ಆ ಕರಡನ್ನು ನೀವೇ ಪರೀಕ್ಷೆ ಮಾಡಿ. ವಸತಿ ಪಟ್ಟಿಗೆ ನನ್ನ ವಾಕ್ಯ ಸರಿಹೋಗುತ್ತದೆ. ಆದರೆ ಎಚ್‌ಐವಿ ಇರುವವರಿಗೆ ಕೊಡುವ ಸಹಾಯಧನದ ಪಟ್ಟಿ ಯಾರಾದರೂ ಕೇಳಿದರೆ? ಪಟ್ಟಿಯಲ್ಲಿ ಹೆಸರಿರುವುದೇ ಅವರ ಕಾಯಿಲೆ ಬಯಲು ಮಾಡುತ್ತದೆ. ಅಲ್ಲಿ ನನ್ನ ವಾಕ್ಯ ಸೋಲುತ್ತದೆ. "ಸೌಲಭ್ಯದ ಸ್ವರೂಪವೇ ಆರೋಗ್ಯ ಸ್ಥಿತಿಯನ್ನು ತಿಳಿಸುವಂತಿದ್ದರೆ ಹೊರತುಪಡಿಸಿ" ಅಂತ ಸೇರಿಸಲೇಬೇಕು. ನಿಮ್ಮ ಕರಡು ಎಲ್ಲಿ ಸೋತಿತು, ಹೇಗೆ ತಿದ್ದಿದಿರಿ ಅನ್ನುವುದನ್ನೂ ಅಸೈನ್‌ಮೆಂಟಿನಲ್ಲಿ ಬರೆಯಿರಿ. ನಾನು ಅಂಕ ಕೊಡುವಾಗ ಮೊದಲು ಹುಡುಕುವುದು ಆ ಪ್ಯಾರಾವನ್ನೇ.